ಆರೋಗ್ಯದ ಪುಟ: ಸೂರಿನ ಬಳಿ ತೂಬುಳ್ಳ ಕೋಣೆ

ಕಳೆದ ಮಾಘಮಾಸದ ಒಂದು ಸಂಜೆ, 34 ವರ್ಷ ವಯಸ್ಸಿನ ಉಪಾಧ್ಯಾಯಿನಿಯೊಬ್ಬರು ತಮ್ಮ ಅತ್ತೆಯವರೊಡನೆ ನನ್ನ ಚಿಕಿತ್ಸಾಲಯಕ್ಕೆ ಬಂದಿದ್ದರು. ಅವರು ಮೊದಲು ಹೋದದ್ದು ನನ್ನಲ್ಲಿಗಲ್ಲ, ಹಲ್ಲಿನ ವೈದ್ಯರಲ್ಲಿಗೆ. ಎಡಗಡೆಯ ಮೇಲ್ದವಡೆಯ ಹಲ್ಲುಗಳೆಲ್ಲವೂ ಒಟ್ಟಿಗೆ ನೋಯುತ್ತಿದ್ದುವು. ಆ ವೈದ್ಯರು ಒಂದೊಂದು ಹಲ್ಲನ್ನೂ ತಟ್ಟಿ ನೋಡಿ, ಎಕ್ಸರೇ ಚಿತ್ರವನ್ನೂ ತೆಗೆದು, ಹಲ್ಲುಗಳಲ್ಲಿ ಯಾವ ದೋಷವೂ ಇಲ್ಲವೆಂದು ಹೇಳಿ ಇತ್ತ ಕಳುಹಿಸಿದ್ದರು. ಹತ್ತು ದಿನಗಳ ಹಿಂದೆ ಆಕೆಗೆ ಸಾಮಾನ್ಯವಾದ ನೆಗಡಿ ಬಂದಿತ್ತು. ಐದನೆಯ ದಿನದ ಹೊತ್ತಿಗೆ ಅದು ಇಳಿಮುಖವಾಗಿ, ಆಕೆ ಪಾಠಶಾಲೆಗೂ ಹೋಗಿದ್ದರು. ಏಳನೆಯ ದಿನ ಸಂಜೆ ಮೂಗಿನ ಎಡಹೊಳ್ಳೆ ಮತ್ತೆ ಕಟ್ಟಿತು, ಹಳದಿಯ ಮಂದವಾದ ಸಿಂಬಳ ಬರತೊಡಗಿತು, ಜ್ವರವೂ ಕಾಣಿಸಿಕೊಂಡಿತು. ಬಿದ್ದ ಸೀಮೆಸುಣ್ಣವನ್ನು ಎತ್ತಲು ಬಗ್ಗಿದರೆ ಎಡಗೆನ್ನೆಯೊಳಗೆ ಕಲ್ಲು ತೂಗಿದಂತಾಗುವುದು, ಮೆಟ್ಟಿಲಿಳಿಯುವಾಗ ಹೆಜ್ಜೆಹೆಜ್ಜೆಗೂ ಹಲ್ಲಿನ ಬುಡ ಮಿಡಿಯುವುದು.

"ಎಣ್ಣೆನೀರು ಹಾಕಿಕೊಂಡು ಒದ್ದೆಗೂದಲಲ್ಲೇ ಸ್ಕೂಲಿಗೆ ಓಡಿದಳು ಸ್ವಾಮಿ. ತಲೆಯೊಳಗೆ ನೀರು ಸೇರಿಕೊಂಡಿದೆ" ಎಂದು ಅತ್ತೆಯವರು ತಮ್ಮ ನಿದಾನವನ್ನು ಮುಂದಿಟ್ಟರು. ಸೊಸೆ ಅದಕ್ಕೆ ಉತ್ತರ ಹೇಳಲಿಲ್ಲ. ಆದರೆ ಆಕೆ ನನ್ನನ್ನು ಕೇಳಿದ ಪ್ರಶ್ನೆ ಬಹು ಸೂಕ್ಷ್ಮವಾದದ್ದು. "ಕೆನ್ನೆಯೊಳಗೆ ಕೀವಿದ್ದರೆ ನಾನು ನೆಟ್ಟಗೆ ಕುಳಿತಿರುವಾಗ ಅದು ಕೆಳಗಿಳಿದು ಹೋಗಬೇಕಲ್ಲವೆ, ಡಾಕ್ಟರೇ? ಕುಳಿತಿದ್ದರೆ ಏನೂ ಬರುವುದಿಲ್ಲ. ರಾತ್ರಿ ಬಲಮಗ್ಗುಲಿಗೆ ಮಲಗಿದರೆ ಮಾತ್ರ ಗಂಟಲಿಗೆ ಕೆಟ್ಟ ರುಚಿಯ ನೀರು ಇಳಿದು, ಕೆನ್ನೆ ಕೊಂಚ ಹಗುರವಾಗುತ್ತದೆ. ಇದೇಕೆ ಹೀಗೆ?"

ಈ ತಿಂಗಳ ಪುಟವನ್ನು ಆ ಒಂದು ಪ್ರಶ್ನೆಗೇ ಮೀಸಲಿಡುತ್ತೇನೆ. "ಸೈನಸ್" ಎಂಬ ಮಾತು ಈಗ ಮನೆಮನೆಯಲ್ಲಿಯೂ ಕೇಳಿಬರುತ್ತಿದೆ. ಆದರೆ ಅದು ರೋಗದ ಹೆಸರಲ್ಲ, ನಮ್ಮೆಲ್ಲರ ಮುಖದೊಳಗೂ ಇರುವ ಪೊಳ್ಳುಗಳ ಹೆಸರು ಎಂಬುದನ್ನು ಬಲ್ಲವರು ಕಡಮೆ.

ನಮ್ಮ ತಲೆಬುರುಡೆಯ ಮುಂಭಾಗ ಗಟ್ಟಿಯಾದ ಎಲುಬಿನ ಮುದ್ದೆಯಲ್ಲ. ಮೂಗಿನ ಸುತ್ತಲೂ ಎಲುಬಿನೊಳಗೆ ಗಾಳಿ ತುಂಬಿದ ಕೋಣೆಗಳಿವೆ. ಕೆನ್ನೆಗಳೊಳಗೆ ಒಂದೊಂದು, ಹಣೆಯಲ್ಲಿ ಹುಬ್ಬುಗಳ ಮೇಲೆ ಒಂದೊಂದು, ಎರಡು ಕಣ್ಣುಗಳ ನಡುವೆ ಜೇನುಗೂಡಿನ ಕಣ್ಣುಗಳಂತೆ ಹಲವು ಚಿಕ್ಕ ಕೋಣೆಗಳು, ಮೂಗಿನ ಹಿಂದುಗಡೆ ಬುರುಡೆಯ ಬುಡದಲ್ಲಿ ಮತ್ತೆರಡು. ಇವೆಲ್ಲವೂ ಸಣ್ಣ ಸಣ್ಣ ಕಿಂಡಿಗಳ ಮೂಲಕ ಮೂಗಿನೊಳಕ್ಕೇ ತೆರೆದಿವೆ. ಕೂದಲ ಮೂಲಕವಾಗಲಿ ನೆತ್ತಿಯ ಮೂಲಕವಾಗಲಿ ಇವಕ್ಕೆ ದಾರಿಯೇ ಇಲ್ಲ. ಆದುದರಿಂದ ತಲೆಗೆ ಹಾಕಿಕೊಂಡ ನೀರು ಅಲ್ಲಿ ಹೋಗಿ ಸೇರುವ ಸಂಭವವಿಲ್ಲವೆಂದು ಅತ್ತೆಯವರಿಗೆ ವಿನಯದಿಂದಲೇ ತಿಳಿಸಬೇಕಾಯಿತು. ಅಲ್ಲಿ ಸೇರುವುದು ಹೊರಗಿನ ನೀರಲ್ಲ. ಆ ಕೋಣೆಯ ಗೋಡೆಯೇ ಒಸರಿಸುವ ಲೋಳೆ.

ಕೋಣೆಗಳಲ್ಲೆಲ್ಲ ಕೆನ್ನೆಯದೇ ದೊಡ್ಡದು. ಪ್ರಾಯದವರಲ್ಲಿ ಅದು ಸುಮಾರು 15 ಮಿಲಿಲೀಟರು, ಎಂದರೆ ಮೂರು ಟೀ ಚಮಚೆಯಷ್ಟು ಹಿಡಿಯುತ್ತದೆ. ಅದರ ಸೂರಿನ ಮೇಲೆ ಕಣ್ಣುಗುಡ್ಡೆ ಕುಳಿತಿದೆ. ಅದರ ನೆಲದ ಕೆಳಗೆ ಮೇಲ್ದವಡೆಯ ಹಲ್ಲುಗಳ ಬೇರುಗಳಿವೆ. ಕೆಲವರಲ್ಲಿ ಬೇರಿಗೂ ಕೋಣೆಗೂ ನಡುವೆ ಕಾಗದದಷ್ಟು ತೆಳುವಾದ ಎಲುಬು ಮಾತ್ರ ಇರುವುದುಂಟು. ಉಪಾಧ್ಯಾಯಿನಿಯವರ ಹಲ್ಲುಗಳು ಯಾವ ದೋಷವೂ ಇಲ್ಲದೆ ನೊಂದದ್ದು ಈ ನೆರೆಹೊರೆಯ ದೆಸೆಯಿಂದ. ಇಂಗ್ಲೆಂಡಿನ ವೈದ್ಯನಾದ ನಥಾನಿಯೆಲ್ ಹೈಮೋರ್ ಎಂಬಾತ 1651ರಲ್ಲಿ ಪ್ರಕಟಿಸಿದ ಶರೀರರಚನೆಯ ಗ್ರಂಥದಲ್ಲಿ ಈ ಕೋಣೆಯನ್ನು ವಿವರಿಸಿದ್ದಾನೆ; ಅಲ್ಲಿಯೇ ಒಬ್ಬ ಹೆಂಗಸಿನ ಪ್ರಸಂಗವನ್ನೂ ಬರೆದಿದ್ದಾನೆ. ಆಕೆಗೆ ಮೇಲಿನ ಹಲ್ಲೊಂದನ್ನು ಕೀಳಿಸಿದ ಮೇಲೆ ಆ ಕುಳಿಯಿಂದ ಎಡೆಬಿಡದೆ ರಸ ಸುರಿಯತೊಡಗಿತಂತೆ. ಆಕೆ ಕುತೂಹಲ ತಾಳದೆ ಕುಳಿಯೊಳಕ್ಕೆ ಬೆಳ್ಳಿಯ ಕಡ್ಡಿಯನ್ನೂ ಅನಂತರ ಹಕ್ಕಿಯ ಗರಿಯೊಂದನ್ನೂ ತೂರಿಸಲಾಗಿ, ಅದು ಮೇಲಕ್ಕೆ ಹೋದಷ್ಟೂ ಹೋಗುತ್ತಿತ್ತು. ಮಿದುಳಿಗೇ ಮುಟ್ಟಿತೆಂದು ಹೆದರಿ ಆಕೆ ವೈದ್ಯನ ಬಳಿಗೆ ಓಡಿ ಬಂದಳು. ಗರಿ ಹೋಗಿ ಸುತ್ತಿಕೊಂಡಿದ್ದದ್ದು ಮಿದುಳಿನಲ್ಲಲ್ಲ, ಕೆನ್ನೆಯ ಈ ಪೊಳ್ಳಿನಲ್ಲಿ.

ಈಗ ಕಿಂಡಿಯ ವಿಚಾರಕ್ಕೆ ಬರೋಣ. ನಮ್ಮ ಬಚ್ಚಲುಮನೆಯ ತೂಬು ಎಲ್ಲಿರುತ್ತದೆ? ನೆಲಮಟ್ಟದಲ್ಲಿ, ನೆಲ ಇಳಿಜಾರಾದ ಮೂಲೆಯಲ್ಲಿ. ಯಾವ ಗಾರೆಯವನೂ ತೂಬನ್ನು ಗೋಡೆಯ ಮೇಲ್ತುದಿಯಲ್ಲಿ, ಸೂರಿನ ಬಳಿ, ಕೊರೆಯುವುದಿಲ್ಲ. ಆದರೆ ಕೆನ್ನೆಯ ಕೋಣೆಯ ತೂಬು ಇರುವುದು ಅಲ್ಲಿಯೇ! ಮೂಗಿನ ಕಡೆಗಿರುವ ಒಳಗೋಡೆಯಲ್ಲಿ, ಹೆಚ್ಚುಕಡಮೆ ಸೂರಿಗೆ ತಾಗಿಕೊಂಡು, ಎರಡು ಮೂರು ಮಿಲಿಮೀಟರು ಅಗಲದ ಒಂದು ಕಿಂಡಿ. ನಾವು ನೆಟ್ಟಗೆ ಕುಳಿತಿರುವಾಗ ಕೋಣೆ ಬಹುಪಾಲು ತುಂಬುವವರೆಗೂ ಅದರಿಂದ ಒಂದು ತೊಟ್ಟೂ ತಾನಾಗಿ ಹೊರಚೆಲ್ಲುವಂತಿಲ್ಲ. ಬಲಮಗ್ಗುಲಿಗೆ ಮಲಗಿದಾಗಲಾದರೋ, ಎಡಗೆನ್ನೆ ಮೇಲೆ ಬಂದು, ಮೂಗಿನ ಕಡೆಯ ಗೋಡೆಯೇ ಕೋಣೆಯ ನೆಲವಾಗುತ್ತದೆ. ಗೋಡೆಯಲ್ಲಿದ್ದ ಕಿಂಡಿ ನೆಲದ ತೂಬಾಗುತ್ತದೆ. ಕೀವು ಅಷ್ಟಿಷ್ಟು ಇಳಿಯುತ್ತದೆ. ಆಕೆಯ ಪ್ರಶ್ನೆಗೆ ಇದೇ ಉತ್ತರ.

ಆದರೆ ಉತ್ತರ ಮತ್ತೊಂದು ಪ್ರಶ್ನೆಯನ್ನು ಎಬ್ಬಿಸುತ್ತದೆ. ತೂಬು ಅಷ್ಟು ಮೇಲಿದ್ದರೆ ಆರೋಗ್ಯವಂತರ ಕೆನ್ನೆಗಳೆಲ್ಲ ಲೋಳೆಯಿಂದ ತುಂಬಿ ತುಳುಕದೆ ಇರುವುದು ಹೇಗೆ?

ಅಲ್ಲಿ ಇಳಿಜಾರಿನ ಕೆಲಸವನ್ನು ಗುಡಿಸುವವರು ಮಾಡುತ್ತಾರೆ. ಕೋಣೆಯ ಒಳಮೈಗೆ ತೆಳುವಾದ ಪೊರೆಯ ಹೊದಿಕೆಯಿದೆ. ಆ ಪೊರೆಯ ಜೀವಕೋಶಗಳ ತಲೆಯ ಮೇಲೆ, ಸೂಕ್ಷ್ಮದರ್ಶಕದಿಂದ ಮಾತ್ರ ಕಾಣುವ ರೋಮಗಳಿವೆ. ಇವು ಒಂದು ಸೆಕೆಂಡಿಗೆ ಹತ್ತಕ್ಕೂ ಹೆಚ್ಚು ಸಲ ಒಂದೇ ದಿಕ್ಕಿಗೆ ಬೀಸುತ್ತವೆ. ಗಾಳಿಗೆ ಬತ್ತದ ಗದ್ದೆಯ ಮೇಲೆ ಅಲೆ ಏಳುವುದನ್ನು ಕಂಡವರು ಇದನ್ನು ಊಹಿಸಿಕೊಳ್ಳಬಹುದು. ರೋಮಗಳ ಬುಡದಲ್ಲಿ ನೀರಿನಂತಹ ತೆಳು ರಸವಿದೆ. ತುದಿಯ ಮೇಲೆ ಅಂಟಾದ ಲೋಳೆಯ ಕಂಬಳಿ ಹಾಸಿದೆ. ರೋಮಗಳು ತೆಳು ರಸದಲ್ಲಿ ಬೀಸುತ್ತ ಮೇಲಿನ ಕಂಬಳಿಯನ್ನು ಮುಂದಕ್ಕೆ ನೂಕುತ್ತವೆ. ಉಸಿರಿನಲ್ಲಿ ಬಂದ ಧೂಳು, ಹೊಗೆಯ ಕಣ, ರೋಗದ ಜೀವಾಣುಗಳು, ಎಲ್ಲವೂ ಆ ಕಂಬಳಿಗೆ ಅಂಟಿಕೊಂಡು ಸಾಗುತ್ತವೆ. ಕೆನ್ನೆಯ ನೆಲದಿಂದ ಹೊರಟ ಕಂಬಳಿ, ಗೋಡೆಗಳನ್ನು ಏರಿ, ಸೂರನ್ನೂ ದಾಟಿ, ಎಲ್ಲ ಕಡೆಗಳಿಂದಲೂ ಆ ಒಂದು ಕಿಂಡಿಯ ಕಡೆಗೇ ಸಾಗಿ, ಅಲ್ಲಿಂದ ಮೂಗಿಗೆ ದಾಟಿ, ಗಂಟಲ ಹಿಂಭಾಗಕ್ಕೆ ಬಂದು, ನಮ್ಮ ಅರಿವಿಗೆ ಬಾರದೆಯೇ ನುಂಗಲ್ಪಡುತ್ತದೆ. ಮುಂದೆ ಅದನ್ನು ಜಠರದ ಆಮ್ಲ ನೋಡಿಕೊಳ್ಳುತ್ತದೆ. ಈ ಮೆರವಣಿಗೆ ಹಗಲಿರುಳೂ ನಡೆಯುತ್ತಿರುತ್ತದೆ. ನಾವು ತಲೆಕೆಳಗಾಗಿ ನಿಂತರೂ ಅದು ದಾರಿ ತಪ್ಪುವುದಿಲ್ಲ.

ಇಲ್ಲಿ ವೈದ್ಯರೇ ಬಹುಕಾಲ ತಪ್ಪಿಬಿದ್ದ ಒಂದು ಸಂಗತಿಯನ್ನು ಹೇಳಬೇಕು. ನ್ಯೂಯಾರ್ಕಿನ ಜಾರ್ಜ್ ಕಾಲ್ಡ್‌ವೆಲ್ 1893ರಲ್ಲಿಯೂ ಪ್ಯಾರಿಸಿನ ಹೆನ್ರಿ ಲುಕ್ 1897ರಲ್ಲಿಯೂ ಒಂದು ಶಸ್ತ್ರಕ್ರಿಯೆಯನ್ನು ವರ್ಣಿಸಿದರು. ಮೇಲ್ದುಟಿಯ ಒಳಗಿನಿಂದ ಕೆನ್ನೆಯ ಎಲುಬನ್ನು ಕೊರೆದು, ಕೋಣೆಯೊಳಗಿನ ಕೆಟ್ಟ ಪೊರೆಯನ್ನು ಕೆರೆದು ತೆಗೆದು, ಕೋಣೆಯ ನೆಲಮಟ್ಟದಲ್ಲಿ ಮೂಗಿಗೆ ಹೊಸದೊಂದು ದೊಡ್ಡ ತೂಬನ್ನು ಮಾಡುವುದು ಅದರ ಕ್ರಮ. ನಮ್ಮ ಗಾರೆಯವನು ಮೆಚ್ಚತಕ್ಕ ಉಪಾಯವೇ ಸರಿ. 20ನೆಯ ಶತಮಾನದ ಬಹುಭಾಗ ಇದೇ ಕ್ರಮ ರೂಢಿಯಲ್ಲಿತ್ತು. ಆದರೂ ಅನೇಕರಿಗೆ ಗುಣವಾಗಲಿಲ್ಲ. ಕಾರಣವೇನೆಂಬುದನ್ನು ಆಸ್ಟ್ರಿಯಾದ ಗ್ರಾಜ್ ನಗರದ ವಾಲ್ಟರ್ ಮೆಸರ್‌ಕ್ಲಿಂಗರ್ ಎಂಬ ವೈದ್ಯರು ಲೋಳೆ ಸಾಗುವ ದಾರಿಯನ್ನೇ ವರ್ಷಗಟ್ಟಳೆ ಗಮನಿಸಿ ತೋರಿಸಿಕೊಟ್ಟರು. ರೋಮಗಳಿಗೆ ಹೊಸ ಬಾಗಿಲಿನ ಪರಿಚಯವಿಲ್ಲ. ಕೆಳಗೆ ಹೆಬ್ಬಾಗಿಲನ್ನೇ ತೆರೆದಿಟ್ಟರೂ ಲೋಳೆಯ ಕಂಬಳಿ ಅದರ ಪಕ್ಕದಲ್ಲಿಯೇ ಹಾದು, ಮೇಲೇರಿ, ಹುಟ್ಟುವಾಗ ಇದ್ದ ಕಿಂಡಿಗೇ ಹೋಗುತ್ತದೆ. ಆ ಕಿಂಡಿ ಮುಚ್ಚಿದ್ದರೆ ಅಲ್ಲಿಯೇ ನಿಲ್ಲುತ್ತದೆ. ಕೆಲವೊಮ್ಮೆ ಹಳೆಯ ಕಿಂಡಿಯಿಂದ ಹೊರಬಂದ ಲೋಳೆ ಹೊಸ ತೂಬಿನಿಂದ ಮತ್ತೆ ಒಳಕ್ಕೆ ಹೋಗಿ, ಗಾಣದೆತ್ತಿನ ಹಾಗೆ ಸುತ್ತುತ್ತಿರುವುದೂ ಉಂಟು. ಈಗಿನ ಶಸ್ತ್ರವೈದ್ಯರು ಮೂಗಿನೊಳಕ್ಕೆ ದರ್ಶಕನಳಿಕೆಯನ್ನು ಹೊಗಿಸಿ, ಆ ಸಹಜವಾದ ಕಿಂಡಿಯ ಅಡಚಣೆಯನ್ನು ನಿವಾರಿಸಿ ಅದನ್ನೇ ಅಗಲ ಮಾಡುತ್ತಾರೆ. ಗೋಡೆಯ ಪೊರೆಯನ್ನು ಆದಷ್ಟೂ ಉಳಿಸುತ್ತಾರೆ. ಪೊರೆಯನ್ನು ಕೆರೆದರೆ ಗುಡಿಸುವವರನ್ನೇ ಕಳೆದುಕೊಂಡಂತೆ.

ಕಿಂಡಿ ತೆರೆದಿದ್ದರೆ ಸಾಲದು, ರೋಮಗಳೂ ಬೀಸುತ್ತಿರಬೇಕು ಎಂಬುದಕ್ಕೆ ಪ್ರಕೃತಿಯೇ ಒಂದು ನಿದರ್ಶನವನ್ನು ಒದಗಿಸಿದೆ. ಹುಟ್ಟಿನಿಂದಲೇ ರೋಮಗಳು ಸರಿಯಾಗಿ ಬೀಸದಿರುವ ಮಕ್ಕಳು ಅಪರೂಪವಾಗಿ ಇರುತ್ತಾರೆ. ಅವರಿಗೆ ಶೈಶವದಿಂದಲೇ ಮೂಗು ಸದಾ ಸುರಿಯುತ್ತಿರುತ್ತದೆ, ಕೆಮ್ಮು ಬಿಡುವುದಿಲ್ಲ, ಸೈನಸ್ಸುಗಳು ಮತ್ತೆ ಮತ್ತೆ ಕೀವಾಗುತ್ತವೆ. ಅವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹೃದಯ ಬಲಗಡೆಗಿರುತ್ತದೆ! ಗರ್ಭದಲ್ಲಿ ಎಡಬಲಗಳನ್ನು ಗೊತ್ತುಮಾಡುವುದೂ ಇಂತಹ ರೋಮಗಳ ಬೀಸುವಿಕೆಯೇ ಆದುದರಿಂದ ಹೀಗಾಗುತ್ತದೆ.

ಇನ್ನು ನೆಗಡಿಯಲ್ಲಿ ಏನಾಗುತ್ತದೆಂಬುದನ್ನು ನಮ್ಮ ಉಪಾಧ್ಯಾಯಿನಿಯವರ ಹತ್ತು ದಿನಗಳನ್ನು ಹಿಡಿದೇ ನೋಡೋಣ.

ಕೆನ್ನೆಯ ಕಿಂಡಿ ನೇರವಾಗಿ ಮೂಗಿನ ಬಯಲಿಗೆ ತೆರೆಯುವುದಿಲ್ಲ. ಮೂಗಿನ ಪಕ್ಕದ ಗೋಡೆಯಿಂದ ಮೂರು ಮಡಿಕೆಗಳು ಒಂದರ ಕೆಳಗೊಂದು ಚಾಚಿಕೊಂಡಿವೆ. ನಡುವಣ ಮಡಿಕೆಯ ಮರೆಯಲ್ಲಿ ಒಂದು ಇಕ್ಕಟ್ಟಾದ ಓಣಿಯಿದೆ. ಕೆನ್ನೆಯ ಕೋಣೆ, ಹಣೆಯ ಕೋಣೆ, ಕಣ್ಣುಗಳ ನಡುವಣ ಮುಂಭಾಗದ ಕೋಣೆಗಳು, ಈ ಮೂರರ ಲೋಳೆಯೂ ಆ ಓಣಿಯಲ್ಲಿಯೇ ಹಾಯಬೇಕು. ಓಣಿಯ ಅಗಲ ಕೆಲವೇ ಮಿಲಿಮೀಟರು. ನೆಗಡಿಯ ವೈರಸ್ಸು ತಗುಲಿದಾಗ ಎರಡು ಕಡೆಯ ಪೊರೆಯೂ ಊದಿಕೊಳ್ಳುತ್ತದೆ. ಬೇರೆ ಕಡೆ ಅಷ್ಟು ಊದಿದರೆ ಬಾಧಕವಿಲ್ಲ. ಇಲ್ಲಿ ಮಾತ್ರ ಎರಡು ಗೋಡೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅಂಟಿದೆಡೆಯಲ್ಲಿ ಲೋಳೆಯ ಸಾಗಾಟ ನಿಂತುಹೋಗುತ್ತದೆ. ಹಾಗೆ ನೋಡಿದರೆ ರೋಗ ಹುಟ್ಟುವುದು ಕೆನ್ನೆಯಲ್ಲಲ್ಲ, ಈ ಓಣಿಯಲ್ಲಿ. ಕೆನ್ನೆ ಅದರ ಫಲವನ್ನು ಅನುಭವಿಸುತ್ತದೆ.

ಆದರೆ ಮುಚ್ಚಿದ ಮಾತ್ರಕ್ಕೆ ಕೀವಾಯಿತೆಂದು ತಿಳಿಯಬಾರದು. ಅಮೆರಿಕೆಯಲ್ಲಿ 1994ರಲ್ಲಿ ಪ್ರಕಟವಾದ ಒಂದು ಪರಿಶೋಧನೆಯಲ್ಲಿ, ಹೊಸದಾಗಿ ನೆಗಡಿ ಬಂದ 31 ಮಂದಿಯ ತಲೆಯನ್ನು ಸಿ.ಟಿ. ಯಂತ್ರದಿಂದ ಚಿತ್ರಿಸಿ ನೋಡಿದರು. 27 ಮಂದಿಯ ಕೆನ್ನೆಯ ಕೋಣೆಗಳಲ್ಲಿ ಏನಾದರೊಂದು ವ್ಯತ್ಯಾಸ ಕಂಡಿತು. ಎರಡು ವಾರಗಳ ಬಳಿಕ ಮತ್ತೆ ಚಿತ್ರಿಸಿದವರಲ್ಲಿ ಹೆಚ್ಚಿನವರಿಗೆ, ಜೀವಾಣುನಾಶಕ ಔಷಧವೊಂದನ್ನೂ ಕೊಡದೆಯೇ, ಅದು ತಿಳಿಯಾಗಿತ್ತು. ಎಂದರೆ ನೆಗಡಿ ಬಂದಾಗಲೆಲ್ಲ ಸೈನಸ್ಸಿಗೂ ಸ್ವಲ್ಪ ನೆಗಡಿಯಾಗಿಯೇ ಇರುತ್ತದೆ. ಊತ ಇಳಿದ ಕೂಡಲೆ ಓಣಿ ತೆರೆದು ರೋಮಗಳು ಕಸವನ್ನೆಲ್ಲ ಹೊರಕ್ಕೆ ಗುಡಿಸಿಬಿಡುತ್ತವೆ. ನಮ್ಮ ಉಪಾಧ್ಯಾಯಿನಿಯವರಿಗೂ ಐದನೆಯ ದಿನ ಬಲಗಡೆ ಹಾಗೆಯೇ ಆಯಿತು. ಎಡಗಡೆ ಆಗಲಿಲ್ಲ. ಮೂಗಿನೊಳಗೆ ನೋಡಿದಾಗ ಅದರ ಕಾರಣವೂ ತಿಳಿಯಿತು: ನಡುಗೋಡೆ ಎಡಕ್ಕೆ ಬಾಗಿ ಆ ನಡುಮಡಿಕೆಯನ್ನು ಒತ್ತಿಕೊಂಡಿತ್ತು. ಸಾಮಾನ್ಯ ದಿನಗಳಲ್ಲಿ ಅದರಿಂದ ಯಾವ ತೊಂದರೆಯೂ ಇರಲಿಲ್ಲ.

ಮುಚ್ಚಿದ ಕೋಣೆಯೊಳಗಿನ ಗಾಳಿ ಹಾಗೆಯೇ ಇರುವುದಿಲ್ಲ. ಅದರಲ್ಲಿನ ಆಮ್ಲಜನಕವನ್ನು ಗೋಡೆಯ ರಕ್ತನಾಳಗಳು ಹೀರಿಕೊಳ್ಳುತ್ತವೆ. ಹೊಸ ಗಾಳಿ ಬರುವಂತಿಲ್ಲ. ಆದುದರಿಂದ ಒಳಗಿನ ಒತ್ತಡ ಕುಗ್ಗುತ್ತದೆ. ಮೊದಮೊದಲು ಕೆನ್ನೆ ಸೆಳೆದಂತಾಗುವುದು ಇದರಿಂದ. ಆ ಸಮಯದಲ್ಲಿ ಓಣಿ ಒಂದು ಗಳಿಗೆ ತೆರೆದುಕೊಂಡರೂ ಮೂಗಿನಲ್ಲಿರುವ ಜೀವಾಣುಭರಿತವಾದ ಸಿಂಬಳ ಒಳಕ್ಕೆ ಸೆಳೆಯಲ್ಪಡಬಹುದು. ನಾವಾಗಿಯೇ ಅದನ್ನು ಒಳಕ್ಕೆ ತಳ್ಳುವುದೂ ಉಂಟು. ಎರಡು ಹೊಳ್ಳೆಗಳನ್ನೂ ಬಿಗಿಯಾಗಿ ಹಿಡಿದು ರಭಸದಿಂದ ಸೀದಿದರೆ ಮೂಗಿನ ರಸ ಸೈನಸ್ಸುಗಳೊಳಕ್ಕೆ ನುಗ್ಗುತ್ತದೆಂಬುದನ್ನು ಪ್ರಯೋಗದಿಂದ ತೋರಿಸಿದ್ದಾರೆ. ಒಂದೊಂದೇ ಹೊಳ್ಳೆಯನ್ನು ಮೆಲ್ಲಗೆ ಸೀದಬೇಕೆಂದು ಮಕ್ಕಳಿಗೆ ಹೇಳಿಕೊಡುವುದು ಇದಕ್ಕಾಗಿಯೇ.

ಒಳಕ್ಕೆ ಬಂದ ಜೀವಾಣುಗಳು ಬೇರೆ ಸಮಯದಲ್ಲಾದರೆ ಕಂಬಳಿಗೆ ಅಂಟಿ ಬೇಗನೆ ಹೊರಬೀಳುತ್ತಿದ್ದುವು. ಈಗ ಕಂಬಳಿ ನಿಂತಿದೆ. ಆಮ್ಲಜನಕ ಕಡಮೆಯಾಗಿ, ಇಂಗಾಲದ ಡೈಆಕ್ಸೈಡ್ ಹೆಚ್ಚಿ, ನಿಂತ ರಸ ಹುಳಿಯಾಗುತ್ತ ಬರುತ್ತದೆ. ಅಂತಹ ರಸದಲ್ಲಿ ರೋಮಗಳ ಬೀಸು ನಿಧಾನವಾಗುತ್ತದೆ. ಲೋಳೆ ಗಟ್ಟಿಯಾಗಿ ಅವುಗಳಿಗೆ ಮತ್ತಷ್ಟು ಭಾರವಾಗುತ್ತದೆ. ಬೆಚ್ಚಗಿನ, ನಿಂತ, ಪುಷ್ಟಿಯುಳ್ಳ ರಸದಲ್ಲಿ ಜೀವಾಣುಗಳು ಹಾಲಿಗೆ ಹೆಪ್ಪು ಹಾಕಿದಂತೆ ಬೆಳೆಯುತ್ತವೆ. ಅವನ್ನು ಕೊಲ್ಲಲು ಬಂದ ಬಿಳಿಯ ರಕ್ತಕಣಗಳು ಉಳಿದ ಆಮ್ಲಜನಕವನ್ನೂ ವ್ಯಯಮಾಡಿ, ತಾವೂ ಸತ್ತು ಕೀವಾಗುತ್ತವೆ. ಅವುಗಳಿಂದ ಹೊರಬಿದ್ದ ದ್ರವ್ಯಗಳು ಪೊರೆಯನ್ನು ಇನ್ನಷ್ಟು ಊದಿಸುತ್ತವೆ. ಓಣಿ ಇನ್ನಷ್ಟು ಬಿಗಿಯುತ್ತದೆ. ಈ ಸುಳಿಯಲ್ಲಿ ಒಂದು ಇನ್ನೊಂದನ್ನು ಬೆಳೆಸುತ್ತ ಹೋಗುತ್ತದೆ. ಏಳನೆಯ ದಿನ ಸಂಜೆ ಆಕೆಗೆ ಬಂದ ಜ್ವರ ಈ ಸುಳಿ ಪ್ರಾರಂಭವಾದುದರ ಸೂಚನೆ. ಈಗ ಒಳಗಿನ ಒತ್ತಡ ಕುಗ್ಗಿಲ್ಲ, ಹೆಚ್ಚಿದೆ. ಬಗ್ಗಿದಾಗ ಕಲ್ಲು ತೂಗಿದಂತಾಗುವುದು ಆದುದರಿಂದಲೇ.

ಸಿಂಬಳದ ಬಣ್ಣವನ್ನು ನೋಡಿ ಔಷಧದ ಅಂಗಡಿಗೆ ಓಡುವವರು ಬಹಳ ಮಂದಿ. ಹಳದಿ ಹಸುರು ಬಣ್ಣ ಬರುವುದು ಬಿಳಿಯ ರಕ್ತಕಣಗಳಿಂದ. ಸಾಮಾನ್ಯ ನೆಗಡಿಯಲ್ಲಿಯೂ ಮೂರು ನಾಲ್ಕನೆಯ ದಿನ ಅದು ಬರುತ್ತದೆ. ಬಣ್ಣಕ್ಕಿಂತ ದಿನಗಳ ಲೆಕ್ಕವೇ ನಂಬತಕ್ಕದ್ದು. ಹತ್ತು ದಿನ ಕಳೆದರೂ ನೆಗಡಿ ಕಿಂಚಿತ್ತೂ ಇಳಿಯದಿರುವುದು ಒಂದು ಬಗೆ. ಇಳಿದಂತೆ ಕಂಡು, ಮತ್ತೆ ಜ್ವರ, ನೋವು, ಕೀವಿನೊಡನೆ ಏರುವುದು ಇನ್ನೊಂದು ಬಗೆ. ನಮ್ಮ ಉಪಾಧ್ಯಾಯಿನಿಯವರದು ಇದು. ಪ್ರಾರಂಭದಿಂದಲೇ 102 ಡಿಗ್ರಿ ಜ್ವರ, ಕೀವು, ಮುಖದ ನೋವು ಮೂರು ನಾಲ್ಕು ದಿನ ಎಡೆಬಿಡದೆ ಇರುವುದು ಮತ್ತೊಂದು. ಈ ಮೂರರಲ್ಲಿ ಯಾವುದೂ ಅಲ್ಲದಿದ್ದರೆ ಅದು ಬಹುಮಟ್ಟಿಗೆ ವೈರಸ್ಸಿನದೇ. ಜೀವಾಣುನಾಶಕ ಔಷಧ ಅದಕ್ಕೆ ತಾಕುವುದಿಲ್ಲ. ದೊಡ್ಡವರ ನೆಗಡಿಗಳಲ್ಲಿ ಜೀವಾಣುಗಳ ಸೈನಸ್ ರೋಗಕ್ಕೆ ತಿರುಗುವುದು ನೂರಕ್ಕೆ ಒಂದೆರಡು ಮಾತ್ರ. ಹಾಗೆಯೇ, ಮೂಗು ಕಟ್ಟದೆ, ಸಿಂಬಳವೂ ಇಲ್ಲದೆ, ಆಗಾಗ ಹಣೆ ಸಿಡಿಯುವುದನ್ನು "ಸೈನಸ್ ತಲೆನೋವು" ಎಂದು ಕರೆದುಕೊಳ್ಳುವವರಲ್ಲಿ ಬಹುಮಂದಿಗೆ ಇರುವುದು ಅರೆತಲೆನೋವು. ಅವರು ಹಬೆ ಹಿಡಿದು ಹಿಡಿದು ಮುಖ ಬೇಯಿಸಿಕೊಳ್ಳುವುದು ವ್ಯರ್ಥ.

ಉಪಾಧ್ಯಾಯಿನಿಯವರ ಮೂಗಿನೊಳಗೆ ದರ್ಶಕದಿಂದ ನೋಡಿದಾಗ ಎಡಗಡೆಯ ನಡುಮಡಿಕೆಯ ಕೆಳಗಿನಿಂದ ಹಳದಿ ಕೀವಿನ ಎಳೆಯೊಂದು ಇಳಿಯುತ್ತಿತ್ತು. ಅಲ್ಲಿಗೆ ನಿದಾನ ಖಚಿತವಾಯಿತು, ಸಿ.ಟಿ. ಚಿತ್ರದ ಅವಶ್ಯಕತೆ ಬೀಳಲಿಲ್ಲ. ಆಕೆಗೆ ಕೊಟ್ಟದ್ದರಲ್ಲಿ ಜೀವಾಣುನಾಶಕ ಮಾತ್ರೆ ಒಂದು ಭಾಗ ಮಾತ್ರ. ಉಳಿದುದೆಲ್ಲ ಓಣಿಯನ್ನು ಬಿಡಿಸುವ ಉಪಾಯ. ಪೊರೆಯ ಊತವನ್ನು ಇಳಿಸುವ ಸ್ಟೀರಾಯಿಡ್ ತುಂತುರನ್ನು ದಿನಕ್ಕೊಮ್ಮೆ ಮೂಗಿಗೆ ಹಾಕಿಕೊಳ್ಳಬೇಕು. ಇದರ ಗುಣ ಕೂಡಲೆ ಕಾಣುವುದಿಲ್ಲ, ಕೆಲವು ದಿನ ಬೇಕು. ಜೊತೆಗೆ ಉಪ್ಪುನೀರಿನಿಂದ ಮೂಗನ್ನು ತೊಳೆಯುವುದು. ನಮ್ಮ ಹಠಯೋಗಿಗಳು ಜಲನೇತಿಯೆಂದು ಮಾಡುತ್ತಿದ್ದುದು ಇದನ್ನೇ. ಉಪ್ಪುನೀರು ಕೆನ್ನೆಯ ಕೋಣೆಯನ್ನು ತೊಳೆಯುತ್ತದೆಂದು ತಿಳಿಯಬಾರದು. ಕಿಂಡಿ ಮುಚ್ಚಿರುವಾಗ ಅದು ಒಳಗೆ ಹೋಗುವುದೇ ಇಲ್ಲ. ಅದು ಓಣಿಯ ಬಾಯಲ್ಲಿ ಗಟ್ಟಿಯಾದ ಸಿಂಬಳವನ್ನು ತೆಗೆದು, ಮೂಗಿನ ರೋಮಗಳ ಭಾರವನ್ನು ಇಳಿಸುತ್ತದೆ.

ಅದನ್ನು ಮನೆಯಲ್ಲಿಯೇ ಸಿದ್ಧಪಡಿಸಬಹುದು. ನೀರನ್ನು ಚೆನ್ನಾಗಿ ಕುದಿಸಿ, ಉಗುರುಬೆಚ್ಚಗಾಗುವಷ್ಟು ಆರಿಸಿ, 250 ಮಿಲಿಲೀಟರಿನ ಒಂದು ಲೋಟಕ್ಕೆ ಅರ್ಧ ಟೀ ಚಮಚೆ ಅಯೋಡಿನ್ ಬೆರೆಸದ ಶುದ್ಧವಾದ ಉಪ್ಪನ್ನೂ ಒಂದು ಚಿಟಿಕೆ ಅಡುಗೆ ಸೋಡವನ್ನೂ ಕರಗಿಸಬೇಕು. ಬರಿಯ ನೀರು ಮೂಗಿಗೆ ಉರಿ. ಇಷ್ಟು ಉಪ್ಪಿದ್ದರೆ ಕಣ್ಣೀರಿನ ಹಾಗೆ ಹಿತವಾಗಿರುತ್ತದೆ. ಬಟ್ಟಲಿನ ಮೇಲೆ ಬಗ್ಗಿ, ಬಾಯಿಂದ ಉಸಿರಾಡುತ್ತ, ಒಂದು ಹೊಳ್ಳೆಗೆ ಬಿಟ್ಟು ಇನ್ನೊಂದರಿಂದ ಹರಿಯಗೊಡಬೇಕು. ಕುದಿಸುವುದನ್ನು ಮಾತ್ರ ಎಂದಿಗೂ ಬಿಡಬಾರದು. ನಲ್ಲಿಯ, ಬಾವಿಯ, ಕೆರೆಯ ನೀರಿನಲ್ಲಿ ಕೆಲವೊಮ್ಮೆ ಇರುವ ಅಮೀಬವೊಂದು, ಕುಡಿದರೆ ಏನೂ ಮಾಡದಿದ್ದರೂ, ಮೂಗಿನ ಮೂಲಕ ಮಿದುಳಿಗೆ ಏರಿದರೆ ಪ್ರಾಣವನ್ನೇ ತೆಗೆಯುತ್ತದೆ. ಅದು ಬಹು ಅಪರೂಪ. ಆದರೆ ಬಂದವರಲ್ಲಿ ಉಳಿದವರು ಅತಿ ವಿರಳ.

"ಅಂಗಡಿಯಲ್ಲಿ ಸಿಗುವ ಹನಿ ಹಾಕಿದರೆ ಕ್ಷಣದಲ್ಲಿ ಮೂಗು ಬಿಡುತ್ತದಲ್ಲಾ, ಅದನ್ನೇ ಹಾಕಬಾರದೆ?" ಎಂದು ಅತ್ತೆಯವರು ಕೇಳಿದರು. ಹಾಕಬಹುದು, ಮೂರು ದಿನ. ಹೆಚ್ಚೆಂದರೆ ಐದು ದಿನ. ಆ ಹನಿ ರಕ್ತನಾಳಗಳನ್ನು ಹಿಂಡಿ ಊತವನ್ನು ಇಳಿಸುತ್ತದೆ. ಅದಕ್ಕಿಂತ ಹೆಚ್ಚು ದಿನ ಹಾಕಿದರೆ, ಹನಿಯ ಗುಣ ಇಳಿದ ಕೂಡಲೆ ನಾಳಗಳು ಮೊದಲಿಗಿಂತಲೂ ಹೆಚ್ಚಾಗಿ ಉಬ್ಬಿ, ಹನಿಯಿಲ್ಲದೆ ಮೂಗೇ ಬಿಡದಂತಾಗುತ್ತದೆ. ವರ್ಷಗಟ್ಟಳೆ ಸೊಂಟದಲ್ಲಿ ಸೀಸೆ ಸಿಕ್ಕಿಸಿಕೊಂಡು ತಿರುಗಾಡುವವರನ್ನು ನಾನು ನೋಡಿದ್ದೇನೆ. ಹಬೆಯಾದರೋ ಸಮಾಧಾನಕ್ಕೆ ಒಳ್ಳೆಯದು, ರೋಗವನ್ನು ತೆಗೆಯುವುದಿಲ್ಲ. ಚಿಕ್ಕಮಕ್ಕಳನ್ನು ಕುದಿನೀರಿನ ಪಾತ್ರೆಯ ಮುಂದೆ ಕಂಬಳಿ ಹೊದಿಸಿ ಕೂರಿಸುವುದು ಮಾತ್ರ ಬೇಡವೇ ಬೇಡ. ನೆಗಡಿಗಿಂತ ಸುಟ್ಟಗಾಯ ಕ್ರೂರವಾದದ್ದು.

ಒಂದೇ ಕಡೆಯ ಹೊಳ್ಳೆಯಿಂದ ಕೊಳೆತ ನಾತದ ಕೀವು ಬಹುದಿನ ಬರುತ್ತಿದ್ದರೆ ಅನುಮಾನ ಬೇರೆ ದಿಕ್ಕಿಗೆ ಹೋಗಬೇಕು. ಆಗ ನಿಜವಾಗಿಯೂ ಹಲ್ಲೇ ಅಪರಾಧಿಯಾಗಿರಬಹುದು: ಕೊಳೆತ ಬೇರಿನ ತುದಿಯಿಂದ ಕೀವು ನೆಲವನ್ನು ಭೇದಿಸಿ ಕೋಣೆಗೆ ನುಗ್ಗಿರುತ್ತದೆ. ಅಲ್ಲಿ ಹಲ್ಲಿಗೆ ಚಿಕಿತ್ಸೆಯಾಗದೆ ಮೂಗಿಗೆ ಎಷ್ಟು ಔಷಧ ಸುರಿದರೂ ನಿಲ್ಲುವುದಿಲ್ಲ. ಚಿಕ್ಕ ಮಗುವಿನಲ್ಲಾದರೆ ಹೊಳ್ಳೆಯೊಳಗೆ ಕಡಲೆಕಾಳೋ ಮಣಿಯೋ ಸಿಕ್ಕಿಕೊಂಡಿದೆಯೇ ಎಂದು ಮೊದಲು ನೋಡಿಸತಕ್ಕದ್ದು.

ಕೋಣೆಗಳ ನೆರೆಯಲ್ಲಿ ಕಣ್ಣೂ ಮಿದುಳೂ ಇರುವುದನ್ನು ಮರೆಯುವಂತಿಲ್ಲ. ನೆಗಡಿಯ ನಡುವೆ ಒಂದು ಕಣ್ಣಿನ ರೆಪ್ಪೆ ಕೆಂಪಾಗಿ ಊದಿಕೊಂಡರೆ, ಕಣ್ಣು ಮುಂದಕ್ಕೆ ಚಾಚಿದರೆ, ಒಂದು ವಸ್ತು ಎರಡಾಗಿ ಕಂಡರೆ, ದೃಷ್ಟಿ ಮಬ್ಬಾದರೆ, ತಡೆಯಲಾಗದ ತಲೆನೋವಿನೊಡನೆ ವಾಂತಿಯೋ ಕತ್ತು ಸೆಟೆಯುವುದೋ ಮಂಪರೋ ಕಂಡರೆ, ಬೆಳಗಾಗಲೆಂದು ಕಾಯದೆ ಆ ರಾತ್ರಿಯೇ ಆಸ್ಪತ್ರೆಗೆ ಒಯ್ಯಬೇಕು. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರಿಗೆ ಇನ್ನೊಂದು ಭಯವಿದೆ. 2021ರಲ್ಲಿ ಕೊರೋನಾದ ಎರಡನೆಯ ಅಲೆಯ ಕಾಲಕ್ಕೆ ಕರ್ನಾಟಕದಲ್ಲಿಯೂ ಹರಡಿ "ಕಪ್ಪು ಶಿಲೀಂಧ್ರ"ವೆಂದು ಹೆಸರಾದ ರೋಗ ಮೊದಲು ಹಿಡಿಯುತ್ತಿದ್ದುದು ಮೂಗು ಸೈನಸ್ಸುಗಳನ್ನೇ. ಅಂತಹವರ ಕೆನ್ನೆ ಮರಗಟ್ಟಿದರೆ, ಮೂಗಿನಿಂದ ಕಪ್ಪು ಹಕ್ಕಳೆ ಬಂದರೆ, ಒಂದು ದಿನವೂ ತಡಮಾಡುವಂತಿಲ್ಲ. ಅದು ಕಿಂಡಿ ಮುಚ್ಚಿದ ರೋಗವಲ್ಲ, ಗೋಡೆಯನ್ನೇ ತಿನ್ನುವ ರೋಗ.

ಉಪಾಧ್ಯಾಯಿನಿಯವರು ಎಂಟನೆಯ ದಿನ ಮತ್ತೆ ಬಂದರು. ಮೂರನೆಯ ದಿನವೇ ಜ್ವರ ಬಿಟ್ಟಿತ್ತು. ಐದನೆಯ ದಿನ ಬೆಳಿಗ್ಗೆ ಮೂಗು ತೊಳೆಯುತ್ತಿರುವಾಗ ಎಡಗಡೆಯಿಂದ ಒಮ್ಮೆಲೇ ಹಳದಿಯ ರಸ ಬಹಳವಾಗಿ ಬಂದು, ಕೆನ್ನೆ ಹಗುರವಾಯಿತಂತೆ. ಆ ಮೇಲೆ ಹಲ್ಲುಗಳೂ ಸುಮ್ಮನಾದುವು. ದರ್ಶಕದಲ್ಲಿ ಈಗ ನಡುಮಡಿಕೆಯ ಕೆಳಗೆ ಕೀವಿರಲಿಲ್ಲ, ತಿಳಿಯಾದ ಲೋಳೆ ಹಿಂದಕ್ಕೆ ಸಾಗುತ್ತಿತ್ತು. ಬಾಗಿದ ನಡುಗೋಡೆಗೆ ಶಸ್ತ್ರಕ್ರಿಯೆ ಬೇಕೇ ಎಂದು ಆಕೆ ಕೇಳಿದರು. ಒಂದು ಸಲ ಹೀಗಾದುದಕ್ಕೆ ಬೇಡ. ವರ್ಷದಲ್ಲಿ ನಾಲ್ಕಾರು ಸಲ ಇದೇ ಕಡೆ ಹೀಗಾದರೆ, ಅಥವಾ ಸರಿಯಾದ ಔಷಧಗಳಿದ್ದೂ ಮೂರು ತಿಂಗಳು ಬಿಡದಿದ್ದರೆ, ಆಗ ಸಿ.ಟಿ. ಚಿತ್ರ ತೆಗೆಸಿ ಯೋಚಿಸೋಣವೆಂದೆ. ಸ್ಟೀರಾಯಿಡ್ ತುಂತುರನ್ನು ಇನ್ನೆರಡು ವಾರ ಮುಂದುವರಿಸಲು ಹೇಳಿದೆ.

ಏಳುವಾಗ ಅತ್ತೆಯವರು, "ಹಾಗಾದರೆ ಒದ್ದೆಗೂದಲಲ್ಲಿ ಹೋದರೆ ಏನೂ ಆಗುವುದಿಲ್ಲವೆನ್ನುತ್ತೀರಿ" ಎಂದರು. ಕೆನ್ನೆಗೆ ನೀರು ಸೇರುವುದಿಲ್ಲ ಎಂದಷ್ಟೇ ನಾನು ಹೇಳಿದ್ದೆ. ಅವರು ಸೊಸೆಯ ಜಡೆಯನ್ನು ಮುಟ್ಟಿನೋಡಿ, ಸೆರಗಿನಿಂದ ಅದರ ತುದಿಯನ್ನು ಒರೆಸುತ್ತ ಹೊರಕ್ಕೆ ನಡೆದರು.